ಹಲ್ಲು ಕೀಳಿಸುವ ಮುನ್ನ ಒಂದು ಡೋಸ್: ಯಾರಿಗೆ ಬೇಕು, ಯಾರಿಗೆ ಬೇಡ?

ಹಲ್ಲಿನ ಡಾಕ್ಟರ ಮುಂದೆ ಕೂತು ‘ನನಗೆ ಹಾರ್ಟ್ ವಾಲ್ವಿನ ತೊಂದರೆ ಇದೆ’ ಎಂದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ಐದು ದಿನದ ಆ್ಯಂಟಿಬಯಾಟಿಕ್ ಬರೆದುಕೊಡುತ್ತಾರೆ, ಇಲ್ಲವೇ ‘ಹೃದಯದ ಡಾಕ್ಟರ ಚೀಟಿ ತನ್ನಿ’ ಎಂದು ವಾಪಸ್ ಕಳಿಸುತ್ತಾರೆ. ಎರಡನೆಯದು ಸರಿಯಾದ ಎಚ್ಚರಿಕೆಯೇ. ಮೊದಲನೆಯದು ಮಾತ್ರ ಹೆಚ್ಚಿನ ಸಲ ಬೇಡದವರಿಗೆ ಕೊಟ್ಟ ಔಷಧಿ. ಬೇಕಾದವರಿಗಾದರೂ ಅದು ಸರಿಯಾದ ಕ್ರಮವಲ್ಲ.

ಭಯ ಇರುವುದು ಎಂಡೋಕಾರ್ಡೈಟಿಸ್ ಎಂಬ ಕಾಯಿಲೆಯದು, ಅಂದರೆ ಹೃದಯದ ಕವಾಟಕ್ಕೆ ತಗಲುವ ಸೋಂಕು. ನಮ್ಮ ಬಾಯಲ್ಲಿ ಸದಾ ಇರುವ ಸ್ಟ್ರೆಪ್ಟೊಕಾಕಸ್ ಜಾತಿಯ ಕೆಲವು ಬ್ಯಾಕ್ಟೀರಿಯಾ ಒಸಡಿನ ಗಾಯದಿಂದ ರಕ್ತಕ್ಕೆ ಇಳಿಯುತ್ತವೆ. ನುಣುಪಾದ ಕವಾಟದ ಮೇಲೆ ಅವಕ್ಕೆ ನಿಲ್ಲಲು ಜಾಗವಿಲ್ಲ, ಸ್ವಲ್ಪ ಹೊತ್ತಿನಲ್ಲಿ ದೇಹವೇ ಅವನ್ನು ತೆಗೆದುಹಾಕುತ್ತದೆ. ಆದರೆ ಕೃತಕ ಕವಾಟದ ಅಂಚಿನಲ್ಲಿ, ಹಿಂದೊಮ್ಮೆ ಸೋಂಕು ತಗಲಿ ಒರಟಾದ ಜಾಗದಲ್ಲಿ ರಕ್ತದ ಸಣ್ಣ ಹೆಪ್ಪು ಕಟ್ಟಿರುತ್ತದೆ. ಬ್ಯಾಕ್ಟೀರಿಯಾ ಅದಕ್ಕೆ ಅಂಟಿ ಬೆಳೆಯುತ್ತವೆ. ಆ ಗಂಟಿನ ಒಳಗೆ ರಕ್ತನಾಳಗಳಿಲ್ಲದ ಕಾರಣ ಬಿಳಿ ರಕ್ತಕಣಗಳೂ ಔಷಧಿಯೂ ಅಲ್ಲಿಗೆ ಸುಲಭವಾಗಿ ತಲುಪುವುದಿಲ್ಲ. ಹಾಗಾಗಿಯೇ ಈ ಸೋಂಕಿಗೆ ವಾರಗಟ್ಟಲೆ ರಕ್ತನಾಳದ ಮೂಲಕ ಔಷಧಿ ಕೊಡಬೇಕಾಗುತ್ತದೆ. ಕೃತಕ ಕವಾಟವಾದರೆ ಸಾಮಾನ್ಯವಾಗಿ ಕನಿಷ್ಠ ಆರು ವಾರ, ಕೆಲವರಿಗೆ ಮತ್ತೊಂದು ಆಪರೇಷನ್ ಕೂಡ.

ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 1955ರಿಂದಲೂ ಈ ಮುಂಜಾಗ್ರತೆಯ ಸಲಹೆ ಕೊಡುತ್ತ ಬಂದಿದೆ. ದಶಕಗಳ ಕಾಲ ಕವಾಟದಲ್ಲಿ ಸಣ್ಣ ಸೋರಿಕೆ ಇದ್ದವರೂ ಮಾತ್ರೆ ನುಂಗುತ್ತಿದ್ದರು. 2007ರಲ್ಲಿ ಸಂಸ್ಥೆ ಆ ಪಟ್ಟಿಯನ್ನು ಬಹಳ ಚಿಕ್ಕದು ಮಾಡಿತು. ಕಾರಣ ಸರಳ: ದಿನವೂ ಹಲ್ಲುಜ್ಜುವಾಗ, ಊಟ ಅಗಿಯುವಾಗ ಕೂಡ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುತ್ತವೆ. ವರ್ಷದಲ್ಲಿ ಒಂದು ದಿನ ಮಾತ್ರೆ ನುಂಗಿ ಉಳಿದ ದಿನಗಳ ಲೆಕ್ಕ ಸರಿದೂಗಿಸಲಾಗದು. ಬ್ರಿಟನ್ನಿನ ನೈಸ್ ಸಂಸ್ಥೆ 2008ರಲ್ಲಿ ಇನ್ನೂ ಮುಂದೆ ಹೋಗಿ ಯಾರಿಗೂ ಬೇಡ ಎಂದಿತು. ಆಮೇಲೆ ಅಲ್ಲಿ ಈ ಸೋಂಕಿನ ಪ್ರಕರಣಗಳು ಏರಿದ್ದನ್ನು ಸಂಶೋಧಕರು ತೋರಿಸಿದಾಗ ವಾದ ಎದ್ದು, 2016ರಲ್ಲಿ ‘ವಾಡಿಕೆಯಾಗಿ ಬೇಡ’ ಎಂದು ಮಾತು ಸಡಿಲಿಸಿತು. ಎರಡು ಗುಂಪು ಮಾಡಿ ಒಂದಕ್ಕೆ ಔಷಧಿ ಕೊಟ್ಟು, ಇನ್ನೊಂದಕ್ಕೆ ಕೊಡದೆ ಹೋಲಿಸಿ ಖಚಿತ ಉತ್ತರ ಕೊಟ್ಟ ಪ್ರಯೋಗ ಇಲ್ಲದಿರುವುದರಿಂದ ಈ ಜಗ್ಗಾಟ. ಅಮೆರಿಕ, ಯುರೋಪುಗಳ ಇಂದಿನ ಸಲಹೆ ನಡುವಿನ ದಾರಿಯದು: ಸೋಂಕು ತಗಲಿದರೆ ಜೀವಕ್ಕೇ ಕುತ್ತಾಗುವಂಥವರಿಗೆ ಮಾತ್ರ ಕೊಡಿ.

ಆ ಪಟ್ಟಿಯಲ್ಲಿ ಇರುವವರು ಕಡಿಮೆ. ಲೋಹದ ಅಥವಾ ಪ್ರಾಣಿಯ ಅಂಗಾಂಶದ ಕವಾಟ ಹಾಕಿಸಿಕೊಂಡವರು, ಕಾಲಿನ ರಕ್ತನಾಳದ ಮೂಲಕ ಹಾಕಿದ ಕವಾಟವಿದ್ದರೂ ಸೇರಿ. ಕವಾಟ ರಿಪೇರಿಗೆ ಕೃತಕ ಉಂಗುರ ಹೊಲಿಸಿಕೊಂಡವರು. ಒಮ್ಮೆ ಎಂಡೋಕಾರ್ಡೈಟಿಸ್ ಬಂದು ವಾಸಿಯಾದವರು. ಹುಟ್ಟಿನಿಂದಲೇ ಮೈ ನೀಲಿಗಟ್ಟುವ ಹೃದಯದೋಷ ಇದ್ದು ಸರಿಪಡಿಸದೇ ಉಳಿದವರು, ಜನ್ಮಜಾತ ದೋಷವನ್ನು ಕೃತಕ ವಸ್ತುವಿನಿಂದ ಮುಚ್ಚಿಸಿ ಇನ್ನೂ ಆರು ತಿಂಗಳಾಗದವರು ಅಥವಾ ಮುಚ್ಚಿದ ಜಾಗದಲ್ಲಿ ಸೋರಿಕೆ ಉಳಿದವರು. ಸ್ಟೆಂಟ್, ಬೈಪಾಸ್, ಪೇಸ್‌ಮೇಕರ್ ಇದ್ದವರಿಗೆ ಆ ಕಾರಣಕ್ಕಾಗಿ ಬೇಡ. ಎಕೋ ವರದಿಯಲ್ಲಿ ‘ಮೈಟ್ರಲ್ ವಾಲ್ವ್ ಪ್ರೊಲ್ಯಾಪ್ಸ್’ ಎಂದು ಓದಿ ಹೆದರಿದವರಿಗೂ ಬೇಡ.

ನಮ್ಮಲ್ಲಿ ತೊಡಕಾಗುವುದು ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟವರ ವಿಷಯ. ಸ್ವಂತ ಕವಾಟವೇ ಇದ್ದು ಆಪರೇಷನ್ ಆಗಿರದಿದ್ದರೆ ಅಮೆರಿಕ, ಯುರೋಪುಗಳ ಪಟ್ಟಿಯಲ್ಲಿ ಅವರಿಲ್ಲ. ಈ ಕಾಯಿಲೆ ಅಪರೂಪವಾದ ದೇಶಗಳು ಬರೆದುಕೊಂಡ ಪಟ್ಟಿಗಳು ಅವು. ರುಮ್ಯಾಟಿಕ್ ಹೃದಯರೋಗ ಇನ್ನೂ ಉಳಿದಿರುವ ನಮ್ಮಂಥ ಕಡೆ, ಬಾಯಿಯ ಸ್ಥಿತಿಯೂ ಕೆಟ್ಟಿದ್ದರೆ, ಕೆಲವು ಹೃದಯತಜ್ಞರು ಕೊಡುವ ಕಡೆಗೇ ವಾಲುತ್ತಾರೆ. ಅದು ಚೀಟಿ ಬರೆಯುವ ಡಾಕ್ಟರ ತೀರ್ಮಾನಕ್ಕೆ ಬಿಟ್ಟದ್ದು, ತಪ್ಪೆಂದು ನಾನು ಹೇಳಲಾರೆ.

ಒಬ್ಬಾಕೆಯನ್ನು ಊಹಿಸಿಕೊಳ್ಳಿ. ವಯಸ್ಸು ಮೂವತ್ತೆಂಟು. ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟು ಲೋಹದ ಕವಾಟ ಹಾಕಿಸಿದ್ದಾರೆ. ಜ್ವರ ಮರುಕಳಿಸದಿರಲೆಂದು ದಿನಕ್ಕೆರಡು ಬಾರಿ ಪೆನಿಸಿಲಿನ್ ಮಾತ್ರೆ, ಜೊತೆಗೆ ರಕ್ತ ಹೆಪ್ಪುಗಟ್ಟದ ಮಾತ್ರೆ ನುಂಗುತ್ತಾರೆ. ಈಗ ದವಡೆ ಹಲ್ಲು ಕೀಳಿಸಬೇಕು. ‘ದಿನಾ ಪೆನಿಸಿಲಿನ್ ತಗೊಳ್ತೀನಲ್ಲ, ಇನ್ನೇನು ಬೇಕು?’ ಎಂಬುದು ಅವರ ಪ್ರಶ್ನೆ. ಆ ಮಾತ್ರೆ ಗಂಟಲಿನ ಸೋಂಕು ತಡೆಯಲಿಕ್ಕೆ. ಅಷ್ಟು ಸಣ್ಣ ಪ್ರಮಾಣ ಕವಾಟವನ್ನು ಕಾಯುವುದಿಲ್ಲ. ಮೇಲಾಗಿ ವರ್ಷಗಟ್ಟಲೆ ಪೆನಿಸಿಲಿನ್ ಕುಡಿದ ಬಾಯಲ್ಲಿ ಆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳೇ ಉಳಿದಿರುವ ಸಾಧ್ಯತೆ ಹೆಚ್ಚು.

ಬೇರೆಯವರಿಗಾದರೆ ಉತ್ತರ ಅಮಾಕ್ಸಿಸಿಲಿನ್ 2 ಗ್ರಾಂ, ಅಂದರೆ 500 ಮಿಲಿಗ್ರಾಂನ ನಾಲ್ಕು ಕ್ಯಾಪ್ಸೂಲು ಒಟ್ಟಿಗೆ. ಹಲ್ಲಿಗೆ ಕೈ ಹಾಕುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು, ಒಂದೇ ಸಲ. ಆದರೆ ಈಕೆಗೆ ಬೇರೆ ಗುಂಪಿನ ಔಷಧಿ ಬೇಕು: ಅಜಿತ್ರೊಮೈಸಿನ್ 500 ಮಿಲಿಗ್ರಾಂ ಅಥವಾ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ. ಪೆನಿಸಿಲಿನ್ ಅಲರ್ಜಿ ಇದ್ದವರಿಗೂ ಇವೇ. ಹಿಂದೆ ಕೊಡುತ್ತಿದ್ದ ಕ್ಲಿಂಡಾಮೈಸಿನ್ ತೀವ್ರ ಭೇದಿ ತರಬಲ್ಲದು ಎಂಬ ಕಾರಣಕ್ಕೆ 2021ರಲ್ಲಿ ಅಮೆರಿಕದ ಪಟ್ಟಿಯಿಂದ ಹೊರಬಿತ್ತು. ನುಂಗುವುದು ಮರೆತೇ ಹೋದರೆ ಹಲ್ಲು ಕಿತ್ತ ಎರಡು ಗಂಟೆಯ ಒಳಗೂ ಕೊಡಬಹುದು. ಆಮೇಲೆ ಐದು ದಿನದ ಕೋರ್ಸ್ ಅಗತ್ಯವಿಲ್ಲ. ಹಲ್ಲಿನ ಬುಡದಲ್ಲಿ ಕೀವು ಇದ್ದರೆ ಅದರ ಚಿಕಿತ್ಸೆಯೇ ಬೇರೆ, ಅದನ್ನು ಇದರೊಂದಿಗೆ ಬೆರೆಸಬಾರದು.

ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿ ಬರುವವರಿದ್ದಾರೆ. ಲೋಹದ ಕವಾಟದ ಮೇಲೆ ಹೆಪ್ಪು ಕೂತರೆ ಹಲ್ಲು ಕಿತ್ತ ಜಾಗ ಒಸರುವುದಕ್ಕಿಂತ ಅದು ದೊಡ್ಡ ಅಪಾಯ. ಐಎನ್‌ಆರ್ ಪರೀಕ್ಷೆ ಮಾಡಿಸಿ ಅಂಕಿ ಸರಿಯಿದ್ದರೆ, ಮಾತ್ರೆ ಮುಂದುವರಿಸಿಕೊಂಡೇ ಕೀಳುವುದು ರೂಢಿ. ರಕ್ತ ನಿಲ್ಲಿಸಲು ಹೊಲಿಗೆ, ಒತ್ತಿ ಹಿಡಿಯುವ ಹತ್ತಿ ಇದ್ದೇ ಇವೆ.

ಎಲ್ಲ ಹಲ್ಲಿನ ಕೆಲಸಕ್ಕೂ ಈ ಡೋಸ್ ಬೇಡ. ಒಸಡು ಕೆದಕುವ, ಹಲ್ಲಿನ ಬೇರಿನ ತುದಿ ಮುಟ್ಟುವ, ಬಾಯಿಯ ಒಳಪದರ ಚುಚ್ಚುವ ಕೆಲಸಕ್ಕೆ ಮಾತ್ರ: ಹಲ್ಲು ಕೀಳುವುದು, ಆಳವಾದ ಕ್ಲೀನಿಂಗ್, ಬೇರಿನ ತುದಿಯವರೆಗೆ ಹೋಗುವ ರೂಟ್ ಕೆನಾಲ್. ಎಕ್ಸ್‌ರೇ ತೆಗೆಯಲು, ತೆಗೆದು ಹಾಕುವ ಹಲ್ಲುಸೆಟ್ಟು ಕೂರಿಸಲು, ಸೋಂಕಿಲ್ಲದ ಜಾಗಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಡಲು ಬೇಡ. ಮಗುವಿನ ಹಾಲುಹಲ್ಲು ತಾನಾಗಿ ಬಿದ್ದರೂ ಬೇಡ.

ಮಾತ್ರೆ ನುಂಗಿದ ಮೇಲೂ ಸೋಂಕು ಬರಬಹುದು. ಹಲ್ಲು ಕಿತ್ತ ಒಂದೆರಡು ವಾರಗಳಲ್ಲಿ ಬಿಟ್ಟುಬಿಟ್ಟು ಜ್ವರ, ರಾತ್ರಿ ಬೆವರು, ಹಸಿವಿಲ್ಲದ ಸುಸ್ತು ಕಂಡರೆ ಮೆಡಿಕಲ್ ಶಾಪಿನ ಆ್ಯಂಟಿಬಯಾಟಿಕ್ ನುಂಗಬೇಡಿ. ಎರಡು ದಿನ ಜ್ವರ ಇಳಿಯುತ್ತದೆ, ಆದರೆ ರಕ್ತದಲ್ಲಿನ ಬ್ಯಾಕ್ಟೀರಿಯಾ ಲ್ಯಾಬಿನಲ್ಲಿ ಬೆಳೆಯದಂತಾಗಿ ಕಾಯಿಲೆಯ ಗುರುತೇ ಸಿಗದು. ಮೊದಲು ಬ್ಲಡ್ ಕಲ್ಚರ್, ಬೇರೆ ಬೇರೆ ಹೊತ್ತಿನಲ್ಲಿ ಸಾಮಾನ್ಯವಾಗಿ ಮೂರು ಸಲ ರಕ್ತ ತೆಗೆದು, ಜೊತೆಗೆ ಎಕೋ. ಔಷಧಿ ಆ ನಂತರ. ‘ನನಗೆ ಕೃತಕ ಕವಾಟ ಇದೆ, ಆ್ಯಂಟಿಬಯಾಟಿಕ್ ಕೊಡುವ ಮೊದಲು ಕಲ್ಚರ್ ಕಳಿಸಿ’ ಎಂದು ಜ್ವರಕ್ಕೆ ನೋಡುವ ಯಾವ ಡಾಕ್ಟರಿಗೂ ರೋಗಿಯೇ ಹೇಳಬಹುದು.