ಕಾರ್ಡೂ ಒಳಗೆ, ರೊಕ್ಕವೂ ಒಳಗೆ

‘ರೊಕ್ಕಾನೂ ಬರ್ಲಿಲ್ರಿ, ಕಾರ್ಡೂ ನುಂಗ್ಯದ. ಬ್ಲಾಕ್ ಮಾಡಿಸಿದ್ರ ರೊಕ್ಕದ ದೂರು ನಿಲ್ತದೇನ್ರಿ?’ ಮಾನ್ವಿಯ ಎಟಿಎಂ ಒಂದರ ಮುಂದೆ ಕುರ್ಡಿಯ ಹತ್ತಿ ಬೆಳೆಗಾರರೊಬ್ಬರು ಹೀಗೆ ಕೇಳಿದರು. 5,000 ರೂಪಾಯಿ ಒತ್ತಿದ್ದರು, ನಡುವೆ ಕರೆಂಟು ಹೋಯಿತು. ಯಂತ್ರ ಮತ್ತೆ ಚಾಲೂ ಆದಾಗ ಕಾರ್ಡು ಹೊರಬರಲಿಲ್ಲ. ಆದರೆ ಖಾತೆಯಿಂದ ಹಣ ಕಡಿತವಾದ ಎಸ್ಸೆಮ್ಮೆಸ್ ಬಂದಿತ್ತು.

ದೂರು ನಿಲ್ಲುವುದಿಲ್ಲ. ಹಣ ವಾಪಸು ಬರುವುದು ಖಾತೆಗೆ, ಕಾರ್ಡಿಗಲ್ಲ. ಆದರೂ ಈ ಭಯದಿಂದ ಜನ ಕಾರ್ಡು ತೆರೆದಿಟ್ಟುಕೊಂಡೇ ಎರಡು ದಿನ ಕಾಯುತ್ತಾರೆ. ಅಪಾಯ ಇರುವುದೇ ಅಲ್ಲಿ.

ಮರುದಿನ ಶಾಖೆಯಲ್ಲಿ ಕಂಡದ್ದು ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ಪ್ರತಿ ಎಟಿಎಂ ಒಳಗೂ ಒಂದು ದಿನಚರಿ ಇರುತ್ತದೆ. ಎಲೆಕ್ಟ್ರಾನಿಕ್ ಜರ್ನಲ್ ಎನ್ನುವ ಅದನ್ನು ಬ್ಯಾಂಕಿನವರು ‘ಇಜೆ’ ಎಂದು ಕರೆಯುತ್ತಾರೆ. ಕಾರ್ಡು ಒಳಗೆ ಹೋದದ್ದು, ಕೇಳಿದ ಮೊತ್ತ, ನೋಟು ಎಣಿಸಿದ್ದು, ಹೊರಗೆ ಚಾಚಿದ್ದು, ಕಾರ್ಡು ಒಳಗೇ ಉಳಿದದ್ದು, ಎಲ್ಲವೂ ಗಳಿಗೆ ಸಮೇತ ಅದರಲ್ಲಿ ದಾಖಲಾಗುತ್ತದೆ. ಈ ರೈತರ ಸಾಲಿನಲ್ಲಿ ನೋಟು ಎಣಿಸಿದ ದಾಖಲೆ ಇತ್ತು, ಹೊರಗೆ ಕೊಟ್ಟ ದಾಖಲೆ ಇರಲಿಲ್ಲ. ಪೆಟ್ಟಿಗೆಯ ನಗದು ಎಣಿಸಿದಾಗ ಅಷ್ಟೇ ಹಣ ಹೆಚ್ಚು ಬಂದರೆ ವಾದವೇ ಮುಗಿಯಿತು. ಬಾಯಿಮಾತಿಗಿಂತ ಈ ಸಾಲನ್ನೇ ನಾನು ನಂಬುತ್ತೇನೆ.

ಆ ಸಾಲು ಹುಡುಕಲು ಬೇಕಾದದ್ದು ಎಟಿಎಂ ಐಡಿ, ಸಮಯ, ಮೊತ್ತ, ಕಾರ್ಡಿನ ಕೊನೆಯ ನಾಲ್ಕು ಅಂಕಿ. ಐಡಿ ಯಂತ್ರದ ಮೇಲಿನ ಚೀಟಿಯಲ್ಲೋ ರಸೀದಿಯಲ್ಲೋ ಇರುತ್ತದೆ, ಫೋಟೊ ತೆಗೆದುಕೊಂಡರೆ ಸಾಕು. ಎಸ್ಸೆಮ್ಮೆಸ್ ಅಳಿಸಬಾರದು.

ಆದರೆ ಮೊದಲು ಮಾಡಬೇಕಾದದ್ದು ಬೇರೆ. ಕ್ಯಾನ್ಸಲ್ ಒತ್ತಿ ಒಂದೆರಡು ನಿಮಿಷ ಅಲ್ಲೇ ನಿಲ್ಲಿ. ಕಾರ್ಡು ಬರದಿದ್ದರೆ ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ‘ಆಫ್’ ಮಾಡಿ. ಬೇಕೆಂದಾಗ ಮತ್ತೆ ಆನ್ ಮಾಡಬಹುದು. ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ ಎಲ್ಲ ಬ್ಯಾಂಕುಗಳಿಗೂ ಈ ಸೌಲಭ್ಯ ಕೊಡಲು ಹೇಳಿದೆ. ಖಾಯಂ ಬ್ಲಾಕ್ ಆದ ಕಾರ್ಡು ಮಾತ್ರ ಮತ್ತೆ ಬದುಕುವುದಿಲ್ಲ, ಹೊಸದನ್ನೇ ಮಾಡಿಸಬೇಕು. ಪರದೆ ‘ಕಾರ್ಡು ಉಳಿಸಿಕೊಳ್ಳಲಾಗಿದೆ’ ಎಂದು ಹೇಳಿದ್ದರೆ, ನಿಮ್ಮದೇ ಬ್ಯಾಂಕಿನ ಯಂತ್ರವಾಗಿದ್ದರೆ, ಆಫ್ ಮಾಡಿ ಶಾಖೆ ತೆರೆಯುವವರೆಗೆ ಕಾಯಬಹುದು. ಬೇರೆ ಬ್ಯಾಂಕಿನ ಯಂತ್ರವಾದರೆ ಕಾರ್ಡು ಕೈಗೆ ಸಿಗುವ ಭರವಸೆ ಇಟ್ಟುಕೊಳ್ಳಬೇಡಿ. ದೂರು ಮಾತ್ರ ನಿಮ್ಮ ಬ್ಯಾಂಕಿಗೇ ಕೊಡಬೇಕು.

ಪರದೆ ಏನೂ ಹೇಳದೆ ಸುಮ್ಮನಿದ್ದು, ಪಕ್ಕದಲ್ಲೊಬ್ಬ ‘ಪಿನ್ ಇನ್ನೊಮ್ಮೆ ಒತ್ತ್ರಿ, ಬರ್ತದ’ ಎನ್ನುತ್ತಿದ್ದರೆ, ಕಾರ್ಡಿನ ಬಾಯಿಗೆ ಯಾರೋ ತೆಳುವಾದ ಪಟ್ಟಿ ಸಿಕ್ಕಿಸಿರಬಹುದು. ನೀವು ಹೋದ ಮೇಲೆ ಅವನು ಕಾರ್ಡು ಎಳೆದುಕೊಳ್ಳುತ್ತಾನೆ, ಪಿನ್ ಆಗಲೇ ನೋಡಿರುತ್ತಾನೆ. ಅಲ್ಲಿ ಕಾಯುವ ಮಾತಿಲ್ಲ, ನಿಂತಲ್ಲೇ ಖಾಯಂ ಬ್ಲಾಕ್ ಮಾಡಿಸಿ. ಸಹಾಯವಾಣಿ ಸಂಖ್ಯೆ ಮೊದಲೇ ಫೋನಿನಲ್ಲಿ ಉಳಿಸಿಕೊಂಡಿರಿ, ಯಂತ್ರಕ್ಕೆ ಅಂಟಿಸಿದ ಸಂಖ್ಯೆಯನ್ನು ನಂಬಬೇಡಿ. ಹಣ ಹೋಗಿಬಿಟ್ಟಿದ್ದರೆ 1930ಕ್ಕೆ ಕರೆ ಮಾಡಿ.

ಇನ್ನು ಸಿಗದ 5,000ದ ಲೆಕ್ಕ. 2019ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ವ್ಯವಹಾರದ ದಿನದಿಂದ ಐದು ದಿನದೊಳಗೆ ಹಣ ತಾನಾಗಿ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. 3ನೇ ತಾರೀಖು ಕಡಿತವಾದದ್ದು 8ರೊಳಗೆ ಬರಬೇಕಿತ್ತು. 12ಕ್ಕೆ ಬಂದರೆ ನಾಲ್ಕು ದಿನಕ್ಕೆ 400 ಸೇರಿ 5,400 ಆಗುತ್ತದೆ. ಲಿಖಿತ ದೂರಿಗೆ ಬ್ಯಾಂಕು 30 ದಿನ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಮಾಹಿತಿಗೆ 14448.