ಎರಡು ನಿಮಿಷದ ವಂದನಾರ್ಪಣೆ

ನಮ್ಮ ಶಾಲೆಯಲ್ಲಿ ಓದಿ ಈಗ ಜಹೀರಾಬಾದಿನ ಕಾಲೇಜೊಂದಕ್ಕೆ ಹೋಗುತ್ತಿರುವ ವಿದ್ಯಾರ್ಥಿನಿಯೊಬ್ಬಳು ಒಂದು ಸಂಜೆ ನಾಲ್ಕು ಹಾಳೆಗಳನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಕನ್ನಡ ಮನೆಗಳ ಮಕ್ಕಳು ಕಾಲೇಜಿನಲ್ಲಿ ನಡೆಸುವ ರಾಜ್ಯೋತ್ಸವಕ್ಕೆ ಎರಡು ದಿನ ಉಳಿದಿತ್ತು. ವಂದನಾರ್ಪಣೆಯ ಹೊಣೆ ಅವಳದು. “ಸರ್, ಎರಡೇ ನಿಮಿಷ ಕೊಟ್ಟಿದ್ದಾರೆ. ಇದರಲ್ಲಿ ಯಾರನ್ನು ಬಿಡಲಿ, ನೀವೇ ಹೇಳಿ” ಎಂದಳು.

ಎರಡೇ ನಿಮಿಷವೆಂಬುದಕ್ಕೆ ಕಾರಣವಿತ್ತು. ಸಭಿಕರಲ್ಲಿ ಹಲವರು ನಾರಾಯಣಖೇಡದ ಕಡೆಯ ಬಸ್ಸು ಹಿಡಿಯಬೇಕಾದವರು. ತಾಂಡೂರಿನಿಂದ ಬರುವ ನಾಟಕದ ತಂಡವೂ ರಾತ್ರಿಯೇ ಹಿಂದಿರುಗಬೇಕು. ಈ ಮೂರೂ ಊರುಗಳ ನಂಟು ಓದುಗರಿಗೆ ಗೊತ್ತಿದ್ದದ್ದೇ. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ಜಹೀರಾಬಾದ್ ತಾಲೂಕಿನ ಬಹುಭಾಗ, ಗುಲಬರ್ಗಾ ಜಿಲ್ಲೆಯ ತಾಂಡೂರು ತಾಲೂಕು ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ಅವು ತೆಲಂಗಾಣದಲ್ಲಿವೆ. ಹೀಗಾಗಿ ಇಲ್ಲಿಯ ಕನ್ನಡ ಸಭೆಯಲ್ಲಿ ಕನ್ನಡಿಗರಷ್ಟೇ ಕುಳಿತಿರುವುದಿಲ್ಲ. ವಂದಿಸುವವರು ಇದನ್ನು ಮರೆತರೆ ಏನಾಗುತ್ತದೆ ಎಂಬುದು ಆ ನಾಲ್ಕು ಹಾಳೆಗಳಲ್ಲಿಯೇ ಕಾಣುತ್ತಿತ್ತು.

ಮೊದಲು ಗಡಿಯಾರವನ್ನು ಎದುರಿಗಿಟ್ಟು, ವೇದಿಕೆಯ ಮೇಲೆ ಓದುವಂತೆಯೇ ಗಟ್ಟಿಯಾಗಿ ಓದಿಸಿದೆವು. ಮನಸ್ಸಿನಲ್ಲಿ ಓದಿಕೊಂಡು ಹಾಕಿದ ಲೆಕ್ಕ ಎಂದೂ ಕೂಡಿಬರುವುದಿಲ್ಲ. ಏಳು ನಿಮಿಷ ಹಿಡಿಯಿತು. ಪದಗಳನ್ನು ಎಣಿಸಿದರೆ ಸುಮಾರು 560. ಎಂದರೆ ನಿಮಿಷಕ್ಕೆ 80 ಪದ. ಧ್ವನಿವರ್ಧಕದ ಮುಂದೆ ಅವಸರವಿಲ್ಲದೆ ಕನ್ನಡ ಓದುವ ಹುಡುಗಿಗೆ ಅದು ತಕ್ಕ ವೇಗವೇ. ಎರಡು ನಿಮಿಷಕ್ಕೆ 160 ಪದ ಬರೆಯಬಹುದೆಂದು ಅವಳು ಕೂಡಲೇ ಲೆಕ್ಕ ಹೇಳಿದಳು. ಆದರೆ ಪ್ರತಿ ಹೆಸರಿಗೂ ಸಭೆ ಚಪ್ಪಾಳೆ ತಟ್ಟುತ್ತದೆ. ಒಂದು ಚಪ್ಪಾಳೆಗೆ ನಾಲ್ಕು ಸೆಕೆಂಡು ಹಿಡಿದರೂ ಏಳು ಹೆಸರಿಗೆ ಅರ್ಧ ನಿಮಿಷ ಹೋಯಿತು. ಉಳಿಯುವುದು ಒಂದೂವರೆ ನಿಮಿಷ, ಎಂದರೆ 120 ಪದ. ಶಿಕ್ಷಕ ತರಬೇತಿಯಲ್ಲಿ ಪಾಠಯೋಜನೆಯ ಅಂಚಿನಲ್ಲಿ ನಿಮಿಷಗಳನ್ನು ಬರೆಯಿಸುತ್ತಿದ್ದರು. ಆ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬಂತು.

ಹಾಗಾದರೆ ಏಳು ನಿಮಿಷವನ್ನು ನುಂಗಿದ್ದು ಯಾವುದು? ಹೆಸರುಗಳಿಗಿಂತ ಮೊದಲು ಅವುಗಳ ಬಾಲವನ್ನು ನೋಡಿದೆವು. “ಇವರಿಗೆ ನಾನು ಹೃತ್ಪೂರ್ವಕ ಧನ್ಯವಾದಗಳನ್ನು ಅರ್ಪಿಸಲು ಇಚ್ಛಿಸುತ್ತೇನೆ” ಎಂಬ ಮಾತು 29 ಸಲ ಬಂದಿತ್ತು. ಒಂದು ಸಲಕ್ಕೆ ಮೂರು ಸೆಕೆಂಡು ಎಂದರೂ ಸುಮಾರು ಒಂದೂವರೆ ನಿಮಿಷ ಅದರಲ್ಲಿಯೇ ಕಳೆಯಿತು. ವಂದಿಸಲು ಇಚ್ಛಿಸುವುದೇಕೆ, ವಂದಿಸಿಬಿಡಬಹುದಲ್ಲ! ಅದರ ಬದಲು “ವಂದನೆಗಳು” ಎಂದು ಬರೆಯಿಸಿದೆವು. ಅತಿಥಿಗಳ ಬಿರುದುಗಳನ್ನು ಸ್ವಾಗತ ಭಾಷಣದಲ್ಲಿ ಒಮ್ಮೆ ಹೇಳಿ ಆಗಿರುತ್ತದೆ, ಅವೂ ಹೋದವು. ಭಾಷಣಗಳ ಸಾರಾಂಶಕ್ಕೆಂದು ಬಿಟ್ಟಿದ್ದ ಜಾಗವನ್ನೂ ಹೊಡೆದುಹಾಕಿದೆವು. ಸಭೆ ಅವನ್ನು ಆಗತಾನೆ ಕೇಳಿರುತ್ತದೆ.

ಇನ್ನು ಹೆಸರುಗಳು. ಒಟ್ಟು 43 ಇದ್ದವು. ಅದರಲ್ಲಿ 14 ಸಮಿತಿಯ ವಿದ್ಯಾರ್ಥಿಗಳವೇ. ಸಮಿತಿಯ ಪರವಾಗಿ ವಂದಿಸುವವಳು ಸಮಿತಿಗೇ ವಂದಿಸುವುದೆಂದರೆ ಮನೆಯವರು ತಮಗೆ ತಾವೇ ಎಲೆ ಹಾಕಿಕೊಂಡು ಉಪಚಾರ ಹೇಳಿಕೊಂಡಂತೆ. ಗೆಳೆಯರು ಮುನಿದಾರು ಎಂದು ಅವಳು ಅಂಜಿದಳು. ಆ 14 ಜನರ ಹೆಸರನ್ನು ಸೂಚನಾ ಫಲಕದಲ್ಲಿ ಹಾಕಲು ಹೇಳಿದೆವು. ಬಾರದಿದ್ದ, ಏನನ್ನೂ ಕೊಡದಿದ್ದ, ಆದರೆ ಊರಿನಲ್ಲಿ ದೊಡ್ಡವರೆನಿಸಿದ ಕೆಲವರ ಹೆಸರುಗಳೂ ಇದ್ದವು. ಉಳಿದ ಪ್ರತಿ ಹೆಸರಿನ ಮುಂದೆಯೂ ಒಂದೇ ಪ್ರಶ್ನೆ ಕೇಳಿದೆವು: ಇವರು ಇಲ್ಲದಿದ್ದರೆ ಆ ದಿನ ಯಾವ ಕೆಲಸ ನಿಲ್ಲುತ್ತಿತ್ತು?

ಈ ಪ್ರಶ್ನೆಯಿಂದಲೇ ನಿಜವಾದ ತಪ್ಪು ಹೊರಬಿತ್ತು. ಕೊನೆಯ ಸಾಲು ನಮ್ಮೆಲ್ಲರಿಗೂ ಬಾಯಿಪಾಠವಾದದ್ದು: “ಪ್ರತ್ಯಕ್ಷವಾಗಿ ಮತ್ತು ಪರೋಕ್ಷವಾಗಿ ಸಹಕರಿಸಿದ ಸರ್ವರಿಗೂ.” ಆ ಪರೋಕ್ಷದಲ್ಲಿ ಯಾರಿದ್ದಾರೆ ಎಂದು ಕೇಳಿದೆವು. ಬಹಳ ಹೊತ್ತು ಯೋಚಿಸಿ, ತೆಲುಗು ಉಪನ್ಯಾಸಕಿಯೊಬ್ಬರಿದ್ದಾರೆ ಎಂದಳು. ಅವರಿಗೆ ಕನ್ನಡ ಬಾರದು. ಆದರೂ ಹಾಡಿನ ಅಭ್ಯಾಸಕ್ಕೆಂದು ಮೂರು ವಾರ ತಮ್ಮ ಕಡೆಯ ಅವಧಿಯನ್ನು ಬಿಟ್ಟುಕೊಟ್ಟು, ಹುಡುಗಿಯರನ್ನು ಒಬ್ಬರನ್ನೇ ಬಿಡಬಾರದೆಂದು ಕತ್ತಲಾಗುವವರೆಗೆ ಕುಳಿತಿರುತ್ತಿದ್ದರಂತೆ. ಸಭಾಂಗಣದ ಬೀಗ ತೆಗೆದು, ಕುರ್ಚಿ ಹಾಕಿ, ಕಸ ಗುಡಿಸಿ ಹೋಗುವ ಅಟೆಂಡರರೂ ಆ ಪರೋಕ್ಷದಲ್ಲಿಯೇ ಇದ್ದರು. 43 ಹೆಸರುಗಳಲ್ಲಿ ಈ ಎರಡು ಇರಲಿಲ್ಲ! ಹಿಂದೆ ನಾವೇ ಒಂದು ಸಮಾರಂಭದಲ್ಲಿ ದಾನಿಗಳನ್ನೆಲ್ಲ ಹೊಗಳಿ ಅಡುಗೆಯವಳನ್ನು ಮರೆತಿದ್ದೆವು. ಅವಳು ಬಾಗಿಲಲ್ಲಿ ಸೆರಗಿಗೆ ಕೈಯೊರಸಿಕೊಳ್ಳುತ್ತ ನಿಂತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಬಳಿಕ ಹೊಸದಾಗಿ ಬರೆದೆವು. ಹೆಸರುಗಳ ಬದಲು ಸ್ಥಾನವನ್ನಷ್ಟೇ ಇಟ್ಟು ಇಲ್ಲಿ ಕೊಟ್ಟಿದ್ದೇವೆ.

“ಸಭೆಗೆ ನಮಸ್ಕಾರ. ಬೀದರಿನಿಂದ ಬಂದು ನಮ್ಮೊಡನೆ ಮಾತನಾಡಿದ ಮುಖ್ಯ ಅತಿಥಿಗಳಿಗೆ ವಂದನೆಗಳು. ಕನ್ನಡದ ಹಬ್ಬಕ್ಕೆ ಕಾಲೇಜಿನ ಸಭಾಂಗಣವನ್ನು ಕೊಟ್ಟು ಅಧ್ಯಕ್ಷತೆ ವಹಿಸಿದ ಪ್ರಾಂಶುಪಾಲರಿಗೆ ವಂದನೆಗಳು. ಇಂದಿನ ಊಟದ ಖರ್ಚನ್ನು ಹೊತ್ತ ವರ್ತಕರಿಗೆ ವಂದನೆಗಳು. ತಾಂಡೂರಿನಿಂದ ಬಂದು ನಾಟಕ ಆಡಿದ ತಂಡಕ್ಕೆ ವಂದನೆಗಳು. ಮೂರು ವಾರ ಸಂಜೆ ನಮಗಾಗಿ ಕುಳಿತ ತೆಲುಗು ಉಪನ್ಯಾಸಕಿಯವರಿಗೆ: ಮೇಡಮ್, ಮೀಕು ಮಾ ಅಂದರಿ ಧನ್ಯವಾದಾಲು. ಬೆಳಿಗ್ಗೆ ಬೀಗ ತೆಗೆದು ಕುರ್ಚಿ ಹಾಕಿದ, ನಾವು ಹೋದ ಮೇಲೆಯೂ ಇಲ್ಲಿಯೇ ಉಳಿಯುವ ನಮ್ಮ ಅಟೆಂಡರರಿಗೆ ವಂದನೆಗಳು. ಅಡುಗೆ ಮಾಡಿ ಬಡಿಸಿದ ತಾಯಂದಿರಿಗೆ ವಂದನೆಗಳು. ನಾರಾಯಣಖೇಡ, ತಾಂಡೂರು, ಜಹೀರಾಬಾದ್ ಸುತ್ತಿನ ಹಳ್ಳಿಗಳಿಂದ ಬಂದ ತಮಗೆಲ್ಲ ವಂದನೆಗಳು. ಈಗ ರಾಷ್ಟ್ರಗೀತೆ; ಎಲ್ಲರೂ ಎದ್ದು ನಿಲ್ಲಬೇಕು.”

ಕೆಲಸ ಮೊದಲು, ಹೆಸರು ಆಮೇಲೆ ಬರುವಂತೆ ಪ್ರತಿ ವಾಕ್ಯವನ್ನೂ ಕಟ್ಟಿದ್ದೇವೆ. ಚಪ್ಪಾಳೆ ಹೆಸರಿನ ಮೇಲೆ ಬೀಳುತ್ತದೆ. “ಅವರಿಗೂ, ಇವರಿಗೂ” ಎಂದು ಹತ್ತು ಹೆಸರುಗಳನ್ನು ಪೋಣಿಸಿ ಕ್ರಿಯಾಪದವನ್ನು ತುದಿಗೆ ಇಟ್ಟರೆ ಸಭೆಗೆ ಯಾವಾಗ ಕೈ ತಟ್ಟಬೇಕೆಂದೇ ತಿಳಿಯುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಸಾಲು ಬಿಟ್ಟು ಬರೆಯಿಸಿದ್ದಕ್ಕೂ ಕಾರಣವುಂಟು. ಆಹ್ವಾನಪತ್ರಿಕೆಯಲ್ಲಿ ಇದ್ದವರು ಬಾರದೆ ಹೋಗಬಹುದು, ಇಲ್ಲದವರು ಬಂದು ವೇದಿಕೆ ಏರಬಹುದು. ಅವಳು ಪೆನ್ಸಿಲ್ ಹಿಡಿದು ವೇದಿಕೆಯ ಅಂಚಿನಲ್ಲಿ ಕುಳಿತಿದ್ದು, ಸಾಲನ್ನು ಹೊಡೆಯಲು ಇಲ್ಲವೆ ಸೇರಿಸಲು ಸಿದ್ಧಳಾಗಿರಬೇಕು. ತೆಲುಗು, ಉರ್ದು ಹೆಸರುಗಳನ್ನು ಆಯಾ ಮನೆಯವರ ಬಾಯಿಂದಲೇ ಕೇಳಿ, ಕೇಳಿದಂತೆ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಲು ಹೇಳಿದೆವು. ಹೆಸರು ಕೆಟ್ಟರೆ ವಂದನೆಯೂ ಕೆಟ್ಟಂತೆಯೇ.

ರಾಜ್ಯೋತ್ಸವದ ದಿನ ನಾವು ಹಿಂದಿನ ಸಾಲಿನಲ್ಲಿ ಗಡಿಯಾರ ನೋಡುತ್ತ ಕುಳಿತಿದ್ದೆವು. ವರ್ತಕರು ಬಂದಿರಲಿಲ್ಲ, ಅವರ ಮಗ ಬಂದಿದ್ದ. ಅವಳು ಸಾಲನ್ನು ತಿದ್ದಿಕೊಂಡಳು. ತೆಲುಗಿನ ವಾಕ್ಯಕ್ಕೆ ಎದ್ದ ಚಪ್ಪಾಳೆ ನಾಲ್ಕು ಸೆಕೆಂಡಿಗೆ ನಿಲ್ಲಲಿಲ್ಲ. ಲೆಕ್ಕ ತಪ್ಪಿ, ಎರಡು ನಿಮಿಷದ ಮೇಲೆ ಹತ್ತು ಸೆಕೆಂಡು ಆಯಿತು. ಅಟೆಂಡರರು ಬಾಗಿಲ ಬಳಿ ಬೀಗದ ಕೈ ಹಿಡಿದು ನಿಂತಿದ್ದರು. ತಮ್ಮ ಹೆಸರು ಕೇಳಿದಾಗ ಮೊದಲು ಹಿಂದಿರುಗಿ ನೋಡಿದರು, ಬೇರೆ ಯಾರೋ ಇದ್ದಾರೆಂಬಂತೆ. ರಾಷ್ಟ್ರಗೀತೆ ಮುಗಿದೊಡನೆ ನಾರಾಯಣಖೇಡದವರು ಬಸ್ ನಿಲ್ದಾಣದತ್ತ ಓಡಿದರು.