ಬಾಟಲಿಗೆ ಆಸಿಡ್ ಹಾಕಿದ್ದು ಯಾಕೆ? – ಒಂದು ಥೀಸಿಸ್ ವೈವಾಗೆ ನಾವು ಮಾಡಿದ ತಯಾರಿ

ನಾವು ನಾಲ್ಕು ಜನ ಸೆಕೆಂಡ್ ಇಯರ್‌ನವರು. ಥೀಸಿಸ್ ಬರೆಯೋಕೆ ನಮಗಿನ್ನೂ ಟೈಮ್ ಇದೆ. ಆದರೂ ಈ ವರ್ಷ ಒಂದು ಥೀಸಿಸ್ ವೈವಾಗೆ ಎರಡು ವಾರ ತಲೆ ಕೆಡಿಸಿಕೊಂಡಿದ್ದೆವು. ಎಂ.ಟೆಕ್ ಎನ್ವಿರಾನ್‌ಮೆಂಟಲ್ ಓದುತ್ತಿದ್ದ ನಮ್ಮ ಸೀನಿಯರ್ ಅಕ್ಕ ಪೀಣ್ಯದ ಸುತ್ತಮುತ್ತ ಬೋರ್‌ವೆಲ್ ನೀರಲ್ಲಿ ಕ್ರೋಮಿಯಂ ಎಷ್ಟಿದೆ ಅಂತ ನೋಡುತ್ತಿದ್ದರು. ಐಸ್ ಬಾಕ್ಸ್ ಹೊತ್ತುಕೊಂಡು ಅವರ ಹಿಂದೆ ಓಡಾಡಿದ್ದು ನಾವು. ಥೀಸಿಸ್ ಸಬ್ಮಿಟ್ ಆದ ಮೇಲೆ ಅವರು, "ನೀವೇ ಎಕ್ಸ್‌ಟರ್ನಲ್ ಅಂದ್ಕೊಂಡು ಪ್ರಶ್ನೆ ಕೇಳ್ರೋ, ಕರುಣೆ ಬೇಡ" ಅಂದರು. ಆಮೇಲೆ ಏನಾಯ್ತು ಅನ್ನೋದೇ ಈ ಲೇಖನ. ಒಂದು ಮಾತು ಮೊದಲೇ ಹೇಳಿಬಿಡ್ತೀವಿ: ಲೆಕ್ಕ ಸುಲಭ ಆಗಲಿ ಅಂತ ಇಲ್ಲಿನ ರಿಸಲ್ಟ್ ಅಂಕಿಗಳನ್ನು ಬದಲಾಯಿಸಿದ್ದೇವೆ. ಇವನ್ನು ಪೀಣ್ಯದ ಡೇಟಾ ಅಂತ ಯಾರೂ ಎತ್ತಿಕೊಳ್ಳಬೇಡಿ.

ಹಿನ್ನೆಲೆ ಇಷ್ಟೇ. ಪೀಣ್ಯದಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಮಾಡುವ ಸಣ್ಣ ಸಣ್ಣ ಘಟಕಗಳು ಬಹಳ. ಕ್ರೋಮ್ ಪ್ಲೇಟಿಂಗ್‌ಗೆ ಕ್ರೋಮಿಕ್ ಆಸಿಡ್ ಬೇಕು, ಅದರಲ್ಲಿರೋದು ಹೆಕ್ಸಾವೇಲೆಂಟ್ ಕ್ರೋಮಿಯಂ. ಇದು ನೀರಲ್ಲಿ ಸುಲಭವಾಗಿ ಕರಗಿ ದೂರ ಹೋಗುತ್ತೆ, ವಿಷವೂ ಹೆಚ್ಚು. ಟ್ರೈವೇಲೆಂಟ್ ಕ್ರೋಮಿಯಂ ಅಷ್ಟು ಓಡಾಡಲ್ಲ, ಸಾಮಾನ್ಯ ನೀರಲ್ಲಿ ಮಣ್ಣಿಗೆ ಅಂಟಿಕೊಂಡು ನಿಲ್ಲುತ್ತೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಇಟ್ಟಿರುವ ಮಿತಿ ಒಟ್ಟು ಕ್ರೋಮಿಯಂಗೆ, ಲೀಟರಿಗೆ 0.05 ಮಿಲಿಗ್ರಾಂ. ಅಕ್ಕ ಒಟ್ಟು ಕ್ರೋಮಿಯಂ ಮತ್ತು ಹೆಕ್ಸಾವೇಲೆಂಟ್ ಎರಡನ್ನೂ ಅಳೆದಿದ್ದರು. ಈ ಎರಡರ ನಡುವಿನ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಮೊದಲ ಪ್ರಶ್ನೆ: ವಿಧಾನ

ವೈವಾ ಅಂದ್ರೆ ಡೆಫಿನಿಷನ್ ಕೇಳ್ತಾರೆ ಅಂತ ನಾವು ಅಂದುಕೊಂಡಿದ್ದೆವು. ಅದಕ್ಕೆ ಮೊದಲ ದಿನ "ಸ್ಪೆಕ್ಟ್ರೋಫೋಟೋಮೀಟರ್ ಹೇಗೆ ಕೆಲಸ ಮಾಡುತ್ತೆ?" ಥರದ ಪ್ರಶ್ನೆಗಳನ್ನೇ ಕೇಳಿದೆವು. ಅಕ್ಕ ಪಟಪಟ ಅಂತ ಉತ್ತರಿಸಿದರು, ಯಾರಿಗೂ ಏನೂ ಲಾಭ ಆಗಲಿಲ್ಲ. ಮರುದಿನ ದಾರಿ ಬದಲಾಯಿಸಿದೆವು. ಥೀಸಿಸ್‌ನ ಮೆಥಡಾಲಜಿ ಅಧ್ಯಾಯ ತೆಗೆದು, ಪ್ರತಿ ವಾಕ್ಯದ ಕ್ರಿಯಾಪದಕ್ಕೂ ಅಡಿಗೆರೆ ಹಾಕಿದೆವು: ಸಂಗ್ರಹಿಸಲಾಯಿತು, ಆಸಿಡ್ ಸೇರಿಸಲಾಯಿತು, ಸೋಸಲಾಯಿತು, ಅಳೆಯಲಾಯಿತು. ಒಂದೊಂದಕ್ಕೂ ಎರಡೇ ಪ್ರಶ್ನೆ: ಇದನ್ನ ಯಾಕೆ ಮಾಡಿದ್ರಿ? ಇದು ತಪ್ಪಾಗಿದ್ರೆ ರಿಸಲ್ಟ್ ಜಾಸ್ತಿ ಬರುತ್ತಾ, ಕಮ್ಮಿ ಬರುತ್ತಾ?

"ಆಸಿಡ್ ಸೇರಿಸಲಾಯಿತು" ಅನ್ನೋ ಕಡೆ ಅಕ್ಕ ಸುಮ್ಮನಾದರು.

ವಿಷಯ ಏನಂದ್ರೆ, ಲೋಹಗಳನ್ನು ಅಳೆಯುವಾಗ ಬಾಟಲಿಗೆ ನೈಟ್ರಿಕ್ ಆಸಿಡ್ ಹಾಕಿ ಪಿಎಚ್ 2ಕ್ಕಿಂತ ಕೆಳಗಿಡುವುದು ರೂಢಿ. ಇಲ್ಲಾಂದ್ರೆ ಲೋಹ ಬಾಟಲಿಯ ಗೋಡೆಗೆ ಅಂಟಿಕೊಂಡು ನೀರಲ್ಲಿ ಕಮ್ಮಿ ಕಾಣುತ್ತೆ. ಒಟ್ಟು ಕ್ರೋಮಿಯಂಗೆ ಇದು ಸರಿ. ಹೆಕ್ಸಾವೇಲೆಂಟ್‌ಗೆ ಸರಿಯಲ್ಲ. ಆಮ್ಲೀಯ ನೀರಲ್ಲಿ ಅದು ಜೋರಾದ ಆಕ್ಸಿಡೈಸರ್. ನೀರಲ್ಲಿರುವ ಸಾವಯವ ಪದಾರ್ಥ ಅಥವಾ ಫೆರಸ್ ಕಬ್ಬಿಣದ ಜೊತೆ ಸೇರಿ ತಾನೇ ಟ್ರೈವೇಲೆಂಟ್ ಆಗಿಬಿಡುತ್ತೆ. ಆಗ ಒಟ್ಟು ಕ್ರೋಮಿಯಂ ಬದಲಾಗಲ್ಲ, ಆದರೆ ಹೆಕ್ಸಾವೇಲೆಂಟ್ ನಿಜಕ್ಕಿಂತ ಕಮ್ಮಿ ಕಾಣುತ್ತೆ. ಹಾಗಾಗಿ ಅದಕ್ಕೆ ಬೇರೆ ಬಾಟಲಿ ಬೇಕು: ಆಸಿಡ್ ಇಲ್ಲ, ಐಸ್‌ನಲ್ಲಿ ಇಡಬೇಕು, 24 ಗಂಟೆಯೊಳಗೆ ಅಳೆಯಬೇಕು.

ಅಕ್ಕ ಹಾಗೇ ಎರಡು ಬಾಟಲಿ ತಗೊಂಡಿದ್ದರು. ಆದರೆ ಮೊದಲ ದಿನದ 6 ಬೋರ್‌ವೆಲ್‌ಗಳಲ್ಲಿ ಎರಡೂ ಬಾಟಲಿಗೆ ಆಸಿಡ್ ಬಿದ್ದಿತ್ತು. ಹಾಕಿದ್ದು ನಾವೇ. ನಮಗೆ ಗೊತ್ತಿರಲಿಲ್ಲ, ಅವರು ಆ ಕಡೆ ಜಿಪಿಎಸ್ ರೀಡಿಂಗ್ ಬರೆದುಕೊಳ್ಳುತ್ತಿದ್ದರು. ಆಮೇಲೆ ಗೊತ್ತಾದರೂ ಆ 6 ರೀಡಿಂಗ್‌ಗಳು ಟೇಬಲ್‌ನಲ್ಲಿ ಹಾಗೇ ಉಳಿದುಬಿಟ್ಟಿದ್ದವು.

ಎಕ್ಸ್‌ಟರ್ನಲ್ ಇದನ್ನು ಕಂಡುಹಿಡಿಯೋದು ಕಷ್ಟವೇನಲ್ಲ. ಒಟ್ಟು ಕ್ರೋಮಿಯಂ ಎಷ್ಟಿದೆ, ಅದರಲ್ಲಿ ಹೆಕ್ಸಾವೇಲೆಂಟ್ ಎಷ್ಟು ಪಾಲು ಅಂತ ಒಂದು ಕಾಲಂ ಹಾಕಿದರೆ ಸಾಕು. ಉಳಿದ ಕಡೆ ಬಹುಪಾಲು ಹೆಕ್ಸಾವೇಲೆಂಟ್ ಇದ್ದು, ಆ 6ರಲ್ಲಿ ಮಾತ್ರ ಅರ್ಧಕ್ಕಿಂತ ಕಮ್ಮಿ ಇದ್ದರೆ "ಇಲ್ಲೇನಾಯ್ತು?" ಅಂತ ಯಾರಾದರೂ ಕೇಳೇ ಕೇಳ್ತಾರೆ.

ಅಕ್ಕ ಗೈಡ್ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದರು. ಆಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿದರು. ಆ 6ರಲ್ಲಿ ಒಂದು ಬೋರ್‌ವೆಲ್‌ನಿಂದ ಹೊಸ ನೀರು ತಂದು ತಕ್ಷಣ ಅಳೆದರು. 0.04 ಬಂತು ಅಂದುಕೊಳ್ಳಿ. ಅದಕ್ಕೆ ಗೊತ್ತಿರುವ ಪ್ರಮಾಣ, ಲೀಟರಿಗೆ 0.10 ಮಿಲಿಗ್ರಾಂನಷ್ಟು ಹೆಕ್ಸಾವೇಲೆಂಟ್ ಕ್ರೋಮಿಯಂ ಸೇರಿಸಿದರು. ಈಗ 0.14 ಇರಬೇಕು. ಆಸಿಡ್ ಹಾಕಿ ಮೂರು ದಿನ ಇಟ್ಟು ಅಳೆದಾಗ 0.09. ಅಂದ್ರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಮಾಯ.

"ಹಾಗಾದ್ರೆ ಆ 6 ರೀಡಿಂಗ್‌ನ ಅದೇ ಲೆಕ್ಕದಲ್ಲಿ ಮೇಲೆತ್ತಿಬಿಡಿ ಅಕ್ಕ" ಅಂದೆವು. "ಆಗಲ್ಲ ಕಣ್ರೋ. ಎಷ್ಟು ಮಾಯ ಆಗುತ್ತೆ ಅನ್ನೋದು ಆಯಾ ನೀರಲ್ಲಿ ಏನಿದೆ ಅನ್ನೋದರ ಮೇಲೆ. ಒಂದರ ಲೆಕ್ಕ ಇನ್ನೊಂದಕ್ಕೆ ಬರಲ್ಲ" ಅಂದರು. ಕೊನೆಗೆ ಹೆಕ್ಸಾವೇಲೆಂಟ್ ವಿಶ್ಲೇಷಣೆಯಿಂದ ಆ 6ನ್ನು ಕೈಬಿಟ್ಟು, 24ರ ಮೇಲೆ ಮತ್ತೆ ಟೇಬಲ್ ಮಾಡಿದರು. ಒಟ್ಟು ಕ್ರೋಮಿಯಂ ಟೇಬಲ್‌ನಲ್ಲಿ 30ಕ್ಕೆ 30 ಉಳಿದವು.

ಇಲ್ಲಿ ಒಂದು ಮರುಪ್ರಶ್ನೆ ಬರುತ್ತೆ, ನಮ್ಮಲ್ಲೇ ಒಬ್ಬ ಕೇಳಿದ: "ಡೈಫಿನೈಲ್‌ಕಾರ್ಬಜೈಡ್ ಹಾಕಿ ನೇರಳೆ ಬಣ್ಣ ಬರಿಸುವಾಗಲೂ ಆಸಿಡ್ ಹಾಕ್ತೀರಲ್ಲ? ಆಗ ಯಾಕೆ ತೊಂದರೆ ಇಲ್ಲ?" ಒಳ್ಳೇ ಪ್ರಶ್ನೆ. ಉತ್ತರ ಸಮಯದಲ್ಲಿದೆ. ಅಲ್ಲಿ ಐದು-ಹತ್ತು ನಿಮಿಷದಲ್ಲಿ ಬಣ್ಣ ಬಂದು 540 ನ್ಯಾನೋಮೀಟರ್‌ನಲ್ಲಿ ಓದಿ ಮುಗಿಸುತ್ತೇವೆ. ಬಾಟಲಿಯಲ್ಲಿ ದಿನಗಟ್ಟಲೆ ಕೂತಿದ್ದರೆ ಕಥೆಯೇ ಬೇರೆ.

ಎರಡನೇ ಪ್ರಶ್ನೆ: ಸ್ಯಾಂಪಲ್

"ಪೀಣ್ಯದ ಶೇಕಡ 30 ಬೋರ್‌ವೆಲ್‌ಗಳಲ್ಲಿ ಕ್ರೋಮಿಯಂ ಮಿತಿ ಮೀರಿದೆ" ಅಂತ ತೀರ್ಮಾನ ಅಧ್ಯಾಯದಲ್ಲಿತ್ತು. 30ರಲ್ಲಿ 9, ಲೆಕ್ಕ ಸರಿ. ವಾಕ್ಯ ಸರಿಯಿಲ್ಲ.

ಬೋರ್‌ವೆಲ್ ಆರಿಸಿದ್ದು ಹೇಗೆ ಅಂತ ನಮಗೆ ಗೊತ್ತಲ್ಲ, ಜೊತೆಗೇ ಇದ್ದೆವು. ಮ್ಯಾಪ್ ಮೇಲೆ ಚೌಕ ಹಾಕಿ, ಪ್ರತಿ ಚೌಕಕ್ಕೂ ಒಂದು ಅಂತ ಪ್ಲಾನ್ ಇತ್ತು. ಆದರೆ ನೀರು ಸಿಕ್ಕಿದ್ದು ಗೇಟ್ ತೆಗೆದವರ ಹತ್ತಿರ. 44 ಕಡೆ ಕೇಳಿದೆವು, 30 ಕಡೆ ಒಪ್ಪಿದರು. ಬೇಡ ಅಂದ 14ರಲ್ಲಿ ಹೆಚ್ಚಿನವು ಕಾರ್ಖಾನೆ ಕಾಂಪೌಂಡ್‌ಗಳು, ಒಪ್ಪಿದವರಲ್ಲಿ ಹೆಚ್ಚಿನವರು ಮನೆಯವರು. ಬೇಡ ಅಂದ ಜಾಗದಲ್ಲೇ ಕ್ರೋಮಿಯಂ ಜಾಸ್ತಿ ಇದ್ದಿದ್ದರೆ ನಮ್ಮ 30 ಪರ್ಸೆಂಟ್ ಕಮ್ಮಿ ಅಂದಾಜು. ಇದು ವೈವಾದಲ್ಲಿ ಹೇಳಬೇಕಾದ ಮಾತು, ಮುಚ್ಚಿಡೋದಲ್ಲ.

ಒಂದು ವೇಳೆ ಚೀಟಿ ಎತ್ತಿದ ಹಾಗೆ 30 ಆರಿಸಿದ್ದರೂ, ಅಷ್ಟು ಸಣ್ಣ ಸ್ಯಾಂಪಲ್‌ನಲ್ಲಿ 9 ಬಂದರೆ 95 ಪರ್ಸೆಂಟ್ ಕಾನ್ಫಿಡೆನ್ಸ್ ಇಂಟರ್ವಲ್ ಸುಮಾರು 17ರಿಂದ 48 ಪರ್ಸೆಂಟ್. ನೋಡಿ ಎಷ್ಟು ಅಗಲ! ಅದೂ ಬರೀ ಅದೃಷ್ಟದ ಏರುಪೇರು. ಗೇಟ್ ತೆಗೆಯದ ತೊಂದರೆ ಅದರಲ್ಲಿ ಸೇರಿಲ್ಲ. ಹಾಗಾಗಿ ಸರಿಯಾದ ವಾಕ್ಯ: "ನಾವು ನೋಡಿದ 30 ಬೋರ್‌ವೆಲ್‌ಗಳಲ್ಲಿ 9." ಪೀಣ್ಯ ಅನ್ನೋ ಪದ ಕರ್ತೃವಾಗಿ ಬರಬಾರದು.

ಇನ್ನೊಂದು ಪ್ರಶ್ನೆ: ನೀರು ಹಿಡಿದದ್ದು ಎಲ್ಲಿ? ನಮ್ಮ ಊರಲ್ಲಿ ಬೋರ್‌ವೆಲ್ ನೀರು, ಕಾವೇರಿ ನೀರು, ಟ್ಯಾಂಕರ್ ನೀರು ಎಲ್ಲ ಒಂದೇ ಸಂಪಿಗೆ ಬೀಳೋ ಮನೆಗಳು ಬೇಕಾದಷ್ಟಿವೆ. ಅಂಗಳದ ನಲ್ಲಿ ತಿರುಗಿಸಿದರೆ ಬರೋದು ಆ ಮಿಶ್ರಣ. ಅಕ್ಕ ಮೋಟಾರ್ ಹಾಕಿಸಿ, ಸಂಪಿಗೆ ಬೀಳುವ ಪೈಪಿನ ಬಾಯಲ್ಲೇ ಹಿಡಿಯುತ್ತಿದ್ದರು. ಅದೂ ತಕ್ಷಣ ಅಲ್ಲ, ಕಂಡಕ್ಟಿವಿಟಿ ಮೀಟರ್ ರೀಡಿಂಗ್ ಒಂದೇ ಕಡೆ ನಿಂತ ಮೇಲೆ. ಅಲ್ಲಿವರೆಗೆ ಬರೋದು ಪೈಪಲ್ಲಿ ನಿಂತಿದ್ದ ಹಳೇ ನೀರು. ಇಷ್ಟೆಲ್ಲ ಮಾಡಿದ್ದರೂ ಥೀಸಿಸ್‌ನಲ್ಲಿ ಬರೆದದ್ದು "ಬೋರ್‌ವೆಲ್‌ಗಳಿಂದ ನೀರು ಸಂಗ್ರಹಿಸಲಾಯಿತು" ಅಷ್ಟೇ! ಮಾಡಿದ ಒಳ್ಳೇ ಕೆಲಸವನ್ನೂ ಕೇಳಿದಾಗ ಹೇಳೋಕೆ ಬರಬೇಕು, ಅದಕ್ಕೆ ಫೀಲ್ಡ್ ಪುಸ್ತಕ ವೈವಾಗೆ ತಗೊಂಡು ಹೋಗಬೇಕು.

ಮೂರನೇ ಪ್ರಶ್ನೆ: ಮಿತಿಗಳು

ಲಿಮಿಟೇಷನ್ಸ್ ಅಂತ ಅಕ್ಕ ಬರೆದಿದ್ದು ಎರಡು ಸಾಲು: ಸಮಯ ಕಡಿಮೆ ಇತ್ತು, ಹಣ ಕಡಿಮೆ ಇತ್ತು. ಇದು ಯಾರ ಥೀಸಿಸ್‌ಗೂ ಅಂಟಿಸಬಹುದಾದ ಸ್ಟಿಕ್ಕರ್. ನಾವು ಬೇರೆ ರೀತಿ ಬರೆಸಿದೆವು: ಪ್ರತಿ ಮಿತಿಯ ಪಕ್ಕದಲ್ಲಿ, ಇದರಿಂದ ನನ್ನ ಯಾವ ತೀರ್ಮಾನ ದುರ್ಬಲ ಆಗುತ್ತೆ?

ನೀರು ಹಿಡಿದದ್ದು ಒಂದೇ ಬೇಸಿಗೆಯಲ್ಲಿ. ಮಳೆ ಬಂದರೆ ಕ್ರೋಮಿಯಂ ತೆಳುವಾಗಬಹುದು, ಅಥವಾ ಮಣ್ಣಲ್ಲಿದ್ದದ್ದು ತೊಳೆದು ಕೆಳಗಿಳಿದು ಜಾಸ್ತಿಯೂ ಆಗಬಹುದು. ಹಾಗಾಗಿ "ವರ್ಷಪೂರ್ತಿ" ಅನ್ನೋ ಮಾತು ಹೋಯ್ತು.

ಎರಡನೇದು ಇನ್ನೂ ಗಂಭೀರ. ಥೀಸಿಸ್‌ನಲ್ಲಿ ಚೆಂದದ ಬಣ್ಣದ ಮ್ಯಾಪ್ ಇತ್ತು, 30 ಚುಕ್ಕೆಗಳ ನಡುವಿನ ಜಾಗವನ್ನೆಲ್ಲ ಸಾಫ್ಟ್‌ವೇರ್ ಕೆಂಪು, ಹಳದಿ, ಹಸಿರು ತುಂಬಿತ್ತು. ಆದರೆ ಬೆಂಗಳೂರಿನ ಕೆಳಗಿರೋದು ಗಟ್ಟಿ ಕಲ್ಲು, ಗ್ನೈಸ್ ಮತ್ತು ಗ್ರಾನೈಟ್. ಆಳದ ನೀರು ಬಿರುಕುಗಳಲ್ಲಿ ಹರಿಯುತ್ತೆ. ಅಕ್ಕಪಕ್ಕದ ಎರಡು ಬೋರ್‌ವೆಲ್ ಬೇರೆ ಬೇರೆ ಬಿರುಕಿಗೆ ತಗುಲಿದ್ದರೆ ಒಂದರಲ್ಲಿ ಕ್ರೋಮಿಯಂ ಇದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಆಳವನ್ನಂತೂ ಮಾಲೀಕರು ನೆನಪಿಂದ ಹೇಳಿದ್ದು. ಹಾಗಿದ್ದ ಮೇಲೆ ನಡುವಿನ ಬಣ್ಣಕ್ಕೆ ಆಧಾರ ಏನು? ಅಕ್ಕ ವೈವಾ ಸ್ಲೈಡ್‌ನಲ್ಲಿ ಬಣ್ಣ ತೆಗೆದು ಬರೀ ಚುಕ್ಕೆಗಳನ್ನು ಬಿಟ್ಟರು.

ಮೂರನೇದನ್ನು ಕೇಳಿದ್ದು ನಾವಲ್ಲ. ಸ್ಯಾಂಪಲ್ ಹಿಡಿಯುವಾಗ ಒಬ್ಬರು ಬಾಡಿಗೆ ಮನೆಯ ಆಂಟಿ ಕಾಫಿ ಕೊಟ್ಟು, "ಏನಮ್ಮಾ, ಈ ನೀರು ಕುಡೀಬಹುದಾ?" ಅಂದಿದ್ದರು. ಆವತ್ತು "ರಿಸಲ್ಟ್ ಬಂದ ಮೇಲೆ ಹೇಳ್ತೀವಿ ಆಂಟಿ" ಅಂತ ಬಂದಿದ್ದೆವು. ಮಾಕ್ ವೈವಾದಲ್ಲಿ ಅದನ್ನೇ ಕೇಳಿದೆವು. ಅಕ್ಕ ಯೋಚಿಸಿ ಹೇಳಿದ್ದು: ಮಿತಿ ಮೀರಿದ್ದರೆ, ಕುಡಿಯೋಕೆ, ಅಡುಗೆಗೆ ಬೇಡ ಅಂತ ಧೈರ್ಯವಾಗಿ ಹೇಳಬಹುದು, ಕುದಿಸಿದರೆ ಕ್ರೋಮಿಯಂ ಹೋಗಲ್ಲ ಅಂತಲೂ ಹೇಳಬೇಕು. ಮಿತಿಯೊಳಗಿದ್ದರೆ "ಕುಡೀಬಹುದು" ಅನ್ನೋ ಹಾಗಿಲ್ಲ. ಆ ದಿನ ಕ್ರೋಮಿಯಂ ಮಿತಿಯೊಳಗಿತ್ತು ಅಷ್ಟೇ. ನೈಟ್ರೇಟ್, ಬ್ಯಾಕ್ಟೀರಿಯಾ ನೋಡೇ ಇಲ್ಲ. ಯಾವ ಕಾರ್ಖಾನೆಯಿಂದ ಬಂತು ಅನ್ನೋದನ್ನೂ ಈ ಡೇಟಾ ಹೇಳಲ್ಲ.

ಆ ದಿನ

ವೈವಾದಲ್ಲಿ ಅಕ್ಕ ಮೂರನೇ ಸ್ಲೈಡ್‌ನಲ್ಲೇ ತಿದ್ದಿದ ಟೇಬಲ್ ಹಾಕಿ, 6 ಬಾಟಲಿಗಳ ವಿಷಯ ತಾವೇ ಹೇಳಿದರು. ಎಕ್ಸ್‌ಟರ್ನಲ್ ಸರ್ ಕೇಳಿದ ಮೊದಲ ಪ್ರಶ್ನೆ, "ಮಾಯ ಆಗಿದೆ ಅಂತ ಹೇಗೆ ಗೊತ್ತಾಯ್ತು?" 0.14ರ ಲೆಕ್ಕ ಬೋರ್ಡ್ ಮೇಲೆ ಬರೆದರು. ಆಮೇಲಿನ ಇಪ್ಪತ್ತು ನಿಮಿಷ ಬರೀ ಬಿರುಕುಗಳ ಬಗ್ಗೆ. ತಿದ್ದುಪಡಿ ಹಾಳೆ ಸೇರಿಸಲು ಹೇಳಿ ಪಾಸ್ ಮಾಡಿದರು.

ಮುಂದಿನ ಶನಿವಾರ ನಾವೆಲ್ಲ ಜಾಲಹಳ್ಳಿ ಕ್ರಾಸ್‌ನಲ್ಲಿ ಇಳಿದು ಆ ಆಂಟಿ ಮನೆಗೆ ಹೋದೆವು. ಅವರ ಬೋರ್‌ವೆಲ್ ಆ 9ರಲ್ಲಿ ಒಂದು.